ಒದೀಲಿಯಾ ವಾಪಸ್ ಕೊಡದ ಲೆಟರ್

"ಮಿಸೆಸ್ ಫುರ್ಟಾಡೋ, ಆ ಲೆಟರ್ ನಂಗೆ ವಾಪಸ್ ಬೇಕಿತ್ತು."

"ಯಾವ ಲೆಟರಮ್ಮಾ? ಬನ್ ಎಷ್ಟು, ಅದನ್ ಹೇಳು."

"ಬನ್ ಬೇಡ. ಮಂಗಳವಾರ ಕೊಟ್ಟೋಗಿದ್ನಲ್ಲ, ನಮ್ ಫಿಲ್ಮ್ ಕ್ಲಬ್ಬಿಂದು, ದುಡ್ಡು ಕೇಳಿ. ಅದು."

"ಓ, ಸಿನಿಮಾ ಹುಡುಗಿ!" ಒದೀಲಿಯಾ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಳು. "ಕೊಟ್ಟೋಳೂ ನೀನೇ, ಈಗ ಕಿತ್ಕೊಳ್ಳೋಳೂ ನೀನೇನಾ? ಚೆಕ್ ಬರೆಯೋಣ ಅಂತ ನಾನ್ ಕೂತಿದ್ರೆ!"

"ಬರೀಬೇಡಿ! ದಯವಿಟ್ಟು ಬರೀಬೇಡಿ!"

ಲೈನಲ್ಲಿ ನಿಂತಿದ್ದೋರೆಲ್ಲ ಒಂದ್ಸಲ ತಿರುಗಿ ನೋಡಿದ್ರು. ದುಡ್ಡು ಕೊಡಬೇಡಿ ಅಂತ ಗೋಗರೆಯೋ ಕಾಲೇಜ್ ಹುಡುಗೀನ ಫಾಲ್ ರಿವರ್ ಊರಲ್ಲಿ ಯಾರೂ ಇಲ್ಲೀತನಕ ನೋಡಿರ್ಲಿಲ್ಲ. ಅದೂ ಎಂಥಾ ದಿನ! ಗರಿಗಳ ಭಾನುವಾರದ ಹಿಂದಿನ ಶನಿವಾರ, ಫುರ್ಟಾಡೋ ಬೇಕರಿ ಬಾಗಿಲಿಂದ ಲೈನ್ ಹೊರಗೆ ಹೋಗಿ, ಪಕ್ಕದ ಕ್ಷೌರದ ಅಂಗಡಿ ದಾಟಿ, ಮೂಲೇಲಿ ತಿರುಗಿತ್ತು. ಈಸ್ಟರ್‌ಗೆ ಇನ್ನೊಂದೇ ವಾರ, ಎಲ್ರಿಗೂ ಫೊಲಾರ್ ಬೇಕು, ಅದೇ ಮೊಟ್ಟೆ ಇಡಿಯಾಗಿ ಹೂತಿಟ್ಟು ಬೇಯಿಸೋ ಸಿಹಿ ಬ್ರೆಡ್ಡು, ಅದನ್ನ ಆರ್ಡರ್ ಬರೆಸಕ್ಕೆ ಬಂದೋರು ಸುಮ್ನೆ ಹೋಗ್ತಾರಾ, ಒಂದೊಂದು ಡಜನ್ ಬನ್ನೂ ತಗೋತಾರೆ, ಬನ್ ಜೊತೆ ಮಗಳ ಮದುವೆ ಸುದ್ದೀನೂ ಹೇಳ್ತಾರೆ.

ಒದೀಲಿಯಾ ರಾತ್ರಿ ಎರಡೂವರೆಗೆ ಎದ್ದು ಬಂದೋಳು. ಕಾಲಿಗೆ ನರ ಬಿಗಿಯೋ ಉದ್ದ ಸಾಕ್ಸು, ಅದರ ಮೇಲೆ ಇನ್ನೊಂದು ಸಾಕ್ಸು, ಅದರ ಮೇಲೆ ಗಂಡನ ಹಳೇ ಶೂ. ಐವತ್ತೆಂಟು ವಯಸ್ಸು. ಮುಖ ನೋಡಿದ್ರೆ ಇನ್ನೂ ಜಾಸ್ತಿ ಅನ್ಸುತ್ತೆ, ಆದ್ರೆ ತೋಳು ನೋಡಿದ್ರೆ ಇಪ್ಪತ್ತರ ಹುಡುಗರು ನಾಚ್ಕೋಬೇಕು.

"ಯಾಕೆ ವಾಪಸ್ಸು?" ಅಂದ್ಲು.

ಬ್ರಿಯೆಲ್ ಲಾವೋಯ್ ಅಂತ ಆ ಹುಡುಗಿ ಹೆಸರು, ಗುಡ್ಡದ ಮೇಲಿರೋ ಸೇಂಟ್ ಬ್ರೆಂಡನ್ ಕಾಲೇಜಲ್ಲಿ ಎರಡನೇ ವರ್ಷ, ಫಿಲ್ಮ್ ಕ್ಲಬ್ ಖಜಾಂಚಿ. ಖಜಾನೆ ಅಂತ ಒಂದಿದ್ರೆ ತಾನೇ, ಪಾಪ. ಕಣ್ಣೆಲ್ಲ ಕೆಂಪಗೆ ಮಾಡ್ಕೊಂಡು ಪಿಸುಗುಟ್ಟಿದ್ಲು: "ಕೇಳಬಾರ್ದಾಗಿತ್ತಂತೆ. ನಿಮ್ಮನ್ನ ಕೇಳಬಾರ್ದಾಗಿತ್ತಂತೆ. ಕಾಲೇಜಿಗೆ ಮೊದಲಿಂದಾನೂ ದುಡ್ಡು ಕೊಡೋರದ್ದು ಒಂದು ಪಟ್ಟಿ ಇದೆ, ಅದರಲ್ಲಿರೋರ ಹತ್ರ ಕ್ಲಬ್ಬಿನೋರು ತಾವಾಗೇ ಹೋಗೋ ಹಾಗಿಲ್ಲ. ನಂಗೆ ಗೊತ್ತೇ ಇರ್ಲಿಲ್ಲ. ಯಾರೋ ಫೋನ್ ಮಾಡಿ ಹೇಳ್ಬಿಟ್ಟಿದ್ದಾರೆ. ಸೋಮವಾರದೊಳಗೆ ಆ ಲೆಟರ್ ವಾಪಸ್ ತಂದು ಒಪ್ಪಿಸ್ದೇ ಇದ್ರೆ ಈ ಸೆಮಿಸ್ಟರ್ ಪೂರ್ತಿ ನಾವು ಎಲ್ಲೂ ದುಡ್ಡು ಎತ್ತೋ ಹಾಗಿಲ್ಲ. ಅಂದ್ರೆ ಸಿನಿಮಾ ಮುಗೀತು."

"ಯಾರೋ ಫೋನ್ ಮಾಡಿ..." ಅಂತ ಒದೀಲಿಯಾ ನಿಧಾನಕ್ಕೆ ಅಂದ್ಲು.

ಫೋನ್ ಮಾಡಿದ್ದು ಅವಳೇ.

ಈಗ ಇದನ್ನ ಸ್ವಲ್ಪ ಹಿಂದಿಂದ ಹೇಳ್ಬೇಕು, ಇಲ್ಲಾಂದ್ರೆ ಒದೀಲಿಯಾ ಏನೋ ಚಾಡಿಕೋರಿ ಅಂತ ಆಗ್ಬಿಡುತ್ತೆ.

ಒದೀಲಿಯಾ ಹನ್ನೊಂದನೇ ವಯಸ್ಸಲ್ಲಿ ಸಮುದ್ರದಾಚೆಯ ಅಸೋರ್ಸ್ ದ್ವೀಪದಿಂದ ಅಪ್ಪ ಅಮ್ಮನ ಜೊತೆ ಈ ಊರಿಗೆ ಬಂದೋಳು. ಅಮ್ಮ ಹೊಲಿಗೆ ಕಾರ್ಖಾನೇಲಿ ಕರ್ಟನ್ ಹೊಲೀತಿದ್ಲು, ಇವಳು ಸ್ಕೂಲ್ ಮುಗಿಸಿ ಈ ಬೇಕರಿ ಕೌಂಟರಿಗೆ ಬಂದು ನಿಂತ್ಲು. ನಿಂತೋಳು ನಿಂತೇ ಇದ್ದಾಳೆ. ಬೇಕರಿ ಯಜಮಾನನ ಮಗ ಗಿಲ್ ಒಂದು ಶನಿವಾರ, ಲೈನ್ ಹೀಗೇ ಬೀದೀಲಿರೋವಾಗ, ಒಳಗಿಂದ ಬಂದು "ನನ್ ಮದುವೆ ಆಗ್ತೀಯಾ?" ಅಂತ ಕೇಳಿದ್ನಂತೆ. ಇವಳು "ಸರಿ ಸರಿ" ಅಂದು, ಲೈನ್ ಕಡೆ ತಿರುಗಿ "ಮುಂದೆ ಯಾರು?" ಅಂದ್ಳಂತೆ. ಈ ಕತೇನ ಕೌಂಟರಲ್ಲಿ ಕೆಲಸ ಮಾಡೋ ಕಾನಿ ದಿನಕ್ಕೊಂದ್ಸಲ ಯಾರಿಗಾದ್ರೂ ಹೇಳ್ತಾಳೆ. ಕಾನಿ ಪ್ರಕಾರ ಒದೀಲಿಯಾ ಜೀವನಾನೇ ಅಷ್ಟು: ಲೈನ್ ಮುಂದಕ್ಕೆ ಹೋಗ್ಲಿ ಅಂತ ಹೂಂ ಅನ್ನೋದು.

ಸುಳ್ಳೇನಲ್ಲ. ಅಂಗಡಿ ಅಂದ್ಮೇಲೆ ಕೇಳೋರಿಗೇನು ಬರವಾ? ಮಕ್ಕಳ ಬೇಸ್‌ಬಾಲ್ ಟೀಮಿಗೆ ಶರ್ಟು, ಚರ್ಚ್ ಹಬ್ಬದ ಲಾಟರಿಗೆ ಬಹುಮಾನ, ಫೈರ್ ಸ್ಟೇಷನ್ ಕ್ಯಾಲೆಂಡರು, ಹೈಸ್ಕೂಲ್ ಬ್ಯಾಂಡಿಗೆ ಬಸ್ಸು. ಎಲ್ರೂ ಲೆಟರ್ ತರ್ತಾರೆ, ಎಲ್ಲಾ ಲೆಟರಲ್ಲೂ ಒಂದೇ ಮಾತು, ನಿಮ್ಮಂಥ ಉದಾರಿಗಳಿಂದಲೇ ನಮ್ಮೂರು ನಡೀತಿರೋದು ಅಂತ. ಒದೀಲಿಯಾ ಓದೋದೇ ಇಲ್ಲ. ಸಣ್ಣ ಪುಟ್ಟದಾದ್ರೆ ಹೂಂ, ಇನ್ನೊಂದು ಡಜನ್ ಬನ್ನು, ಮುಂದೆ ಯಾರು. ಗೋಡೆ ತುಂಬ ಥ್ಯಾಂಕ್ಸ್ ಹೇಳೋ ಫಲಕಗಳು, ಟೀಮ್ ಫೋಟೋಗಳು. ಅದರಲ್ಲಿರೋ ಹುಡುಗರೆಲ್ಲ ಈಗ ಬೋಳುತಲೆ ಆಗಿ ಅದೇ ಲೈನಲ್ಲಿ ನಿಂತಿರ್ತಾರೆ.

ಕಾಲೇಜಿನ ಗಾಲ್ಫ್ ಪಂದ್ಯಾನೂ ಹಾಗೇ ಗಂಟು ಬಿದ್ದಿದ್ದು. ತುಂಬಾ ವರ್ಷದ ಹಿಂದೆ ಟೈ ಕಟ್ಟಿರೋ ಒಬ್ಬ ಮನುಷ್ಯ ಬಂದು, ನಮ್ಮ ಪಂದ್ಯದಲ್ಲಿ ಚೆಂಡು ಬೀಳೋ ಒಂದು ಗುಳೀಗೆ ನಿಮ್ಮ ಅಂಗಡಿ ಹೆಸರಿಡ್ತೀವಿ, ಬೋರ್ಡ್ ನೆಡ್ತೀವಿ ಅಂತ ಏನೋ ಅಂದ. ಹಿಂದೆ ನಿಂತಿದ್ದ ಹೆಂಗಸಿನ ಮಗು ಅಳ್ತಾ ಇತ್ತು. ಒದೀಲಿಯಾ ಹೂಂ ಅಂದ್ಲು. ಅವತ್ತಿಂದ ಪ್ರತೀ ವಸಂತದಲ್ಲೂ ಇನ್ನೂರೈವತ್ತು ಡಾಲರಿನ ಬಿಲ್ಲು ಬರುತ್ತೆ, ಪ್ರತೀ ವಸಂತದಲ್ಲೂ ಕಟ್ತಾಳೆ. ಆ ಬೋರ್ಡು ಹೇಗಿದೆ, ಆ ಹುಲ್ಲು ಯಾವ ಊರಲ್ಲಿದೆ, ಅವಳು ನೋಡಿಲ್ಲ. ಗಾಲ್ಫ್ ಅಂದ್ರೆ ಟಿವಿಯಲ್ಲಿ ಬಂದಾಗ ಗಿಲ್ ನಿದ್ದೆ ಮಾಡೋ ಆಟ, ಅಷ್ಟೇ ಗೊತ್ತು.

ಆದ್ರೆ ಬ್ರಿಯೆಲ್ ಬಂದಿದ್ದು ಮಂಗಳವಾರ, ಬಾಗಿಲು ಹಾಕೋ ಹೊತ್ತಲ್ಲಿ, ಲೈನೇ ಇಲ್ದಿರೋ ಹೊತ್ತಲ್ಲಿ! ಅದೇ ನೋಡಿ ಎಡವಟ್ಟಾಗಿದ್ದು. ಒದೀಲಿಯಾ ಖಾಲಿ ಬಕೆಟ್ ಬೋರಲು ಹಾಕಿ, ಶೂ ಬಿಚ್ಚಿ, ಅದರ ಮೇಲೆ ಕೂತಿದ್ಲು. ಎದ್ದೇಳಕ್ಕೆ ಆಗ್ಲಿಲ್ಲ. ಹುಡುಗಿ ಲೆಟರ್ ಕೊಟ್ಟು "ನಿಧಾನಕ್ಕೆ ಓದಿ" ಅಂತ ಹೇಳಿ ಓಡಿಬಿಟ್ಲು. ಕೈಯಲ್ಲಿ ಬೇರೇನೂ ಇರ್ಲಿಲ್ಲವಲ್ಲ, ಓದಿದ್ಲು.

ಮೊದಲು ಎಲ್ಲಾ ಲೆಟರಿನ ಹಾಗೇ ಇತ್ತು. ನಾವು ಇಂಥಾ ಕಾಲೇಜಿನ ಇಂಥಾ ಕ್ಲಬ್ಬು. ಕ್ಯಾಮರಾ ಕಾಲೇಜಿಂದೇ, ಆದ್ರೆ ಕಾರಿನ ಗಾಜಿಗೆ ಕ್ಯಾಮರಾ ಅಂಟಿಸೋ ಒಂದು ಸಲಕರಣೆ ಬಾಡಿಗೆಗೆ ತರ್ಬೇಕು, ಎರಡು ದಿನ ಕೆಲಸ ಮಾಡೋರಿಗೆ ಊಟ ಹಾಕ್ಬೇಕು, ಆಮೇಲೆ ಚಿತ್ರೋತ್ಸವಕ್ಕೆ ಕಳಿಸೋ ಫೀಸು, ಎಲ್ಲಾ ಸೇರಿ ನಾನೂರು ಡಾಲರು. ಐವತ್ತು ಕೊಟ್ರೆ ಸಿನಿಮಾ ಕೊನೇಲಿ ನಿಮ್ಮ ಹೆಸರು, ನೂರೈವತ್ತಕ್ಕೆ ಪೋಸ್ಟರಲ್ಲಿ ಅಂಗಡಿ ಚಿತ್ರ, ಪೂರ್ತಿ ಕೊಟ್ರೆ ಸಿನಿಮಾ ಶುರುವಾಗೋ ಮೊದಲೇ ನಿಮ್ಮೊಬ್ಬರದೇ ಹೆಸರು. ಚೆಕ್ಕು ಫಿಲ್ಮ್ ಕ್ಲಬ್ ಹೆಸರಿಗೆ. ಮಧ್ಯದಲ್ಲಿ ಕತೆ ಏನು ಅಂತ ಒಂದೇ ಸಾಲು: "ಹನ್ನೊಂದು ನಿಮಿಷದ ಚಿತ್ರ. ಒಬ್ಬ ಹೆಂಗಸು ಕೆಲಸ ಮುಗಿಸಿ ಮನೆ ಮುಂದೆ ಕಾರು ನಿಲ್ಲಿಸುತ್ತಾಳೆ, ಆದರೆ ಇಳಿಯುವುದಿಲ್ಲ."

ಒದೀಲಿಯಾ ಆ ಸಾಲು ಓದಿ, ಸುತ್ತ ನೋಡಿದ್ಲು. ಯಾರು ಹೇಳಿದ್ರು ಇವರಿಗೆ?

ಯಾಕಂದ್ರೆ ಅವಳು ದಿನಾ ಮಾಡೋದೇ ಅದು. ಬೇಕರಿ ಮುಚ್ಚಿ ಮೂರೂವರೆಗೆ ಮನೆ ಮುಂದೆ ವ್ಯಾನ್ ನಿಲ್ಲಿಸ್ತಾಳೆ. ಮೂರಂತಸ್ತಿನ ಮರದ ಮನೆ. ಕೆಳಗಿನ ಮನೆ ಬಾಡಿಗೆಯವನ ನಲ್ಲಿ ಸೋರ್ತಿರುತ್ತೆ, ಮಧ್ಯದಲ್ಲಿ ಬೆನ್ನು ನೋವಿನ ಗಿಲ್ "ರಾತ್ರಿಗೇನು?" ಅಂತ ಕೇಳಕ್ಕೆ ಕಾಯ್ತಿರ್ತಾನೆ, ಮೇಲ್ಗಡೆ ಅತ್ತೆ ಟಿವಿ ಸೌಂಡ್ ಜೋರು ಮಾಡಿಕೊಂಡು, ಸೊಸೆ ಬಂದ ಶಬ್ದ ಕೇಳಿದ ಕೂಡ್ಲೆ ಕೋಲಿಂದ ನೆಲ ಕುಟ್ತಾಳೆ. ಕೆಟ್ಟೋರು ಯಾರೂ ಅಲ್ಲ. ಎಲ್ರೂ ಲೈನಲ್ಲಿ ನಿಂತಿರೋರು, ಅಷ್ಟೇ. ಅದಕ್ಕೇ ಒದೀಲಿಯಾ ವ್ಯಾನ್ ಆಫ್ ಮಾಡಿ, ಸ್ಟೀರಿಂಗ್ ಮೇಲೆ ಕೈಯಿಟ್ಟು, ಹಾಗೇ ಕೂತಿರ್ತಾಳೆ. ಅಳೋದಿಲ್ಲ, ಪ್ರಾರ್ಥನೆ ಮಾಡೋದಿಲ್ಲ, ಫೋನ್ ನೋಡೋದಿಲ್ಲ. ಸುಮ್ನೆ. ಕಾನಿಗೂ ಇದನ್ನ ಹೇಳಿರ್ಲಿಲ್ಲ. ಹೇಳೋ ಅಂಥದ್ದು ಅಂತಾನೇ ಅನ್ನಿಸಿರ್ಲಿಲ್ಲ.

ಅದು ಸಿನಿಮಾ ಆಗೋ ವಿಷಯ ಅಂತ ಯಾರೋ ಮಕ್ಕಳಿಗೆ ಅನ್ನಿಸಿದೆಯಲ್ಲ! ಲೆಟರ್ ಮಡಚಿ ಏಪ್ರನ್ ಜೇಬಿಗೆ ಹಾಕ್ಕೊಂಡ್ಲು. ಮೊದಲನೇ ಸಲ, ಲೈನ್ ಮುಂದೆ ಹೋಗ್ಲಿ ಅಂತ ಅಲ್ದೆ, ತನಗೇ ಕೊಡಬೇಕು ಅನ್ನಿಸಿ ಏನಾದ್ರೂ ಕೊಡೋಣ ಅಂದ್ಕೊಂಡ್ಲು. ಗುರುವಾರ ಚೆಕ್‌ಬುಕ್ ತೆಗೆದಾಗ ಕ್ಲಬ್ ಹೆಸರು ಪೂರ್ತಿ ಹೇಗೆ ಬರೀಬೇಕೋ ಗೊತ್ತಾಗ್ಲಿಲ್ಲ. ಕಾಲೇಜಲ್ಲಿ ಅವಳಿಗೆ ಗೊತ್ತಿದ್ದ ಒಂದೇ ನಂಬರು ಗಾಲ್ಫ್ ಬಿಲ್ಲಿನ ಮೇಲಿತ್ತು. ಫೋನ್ ಎತ್ತಿದೋಳು ಮಾರ್ಗೋ ಡ್ವಾಯರ್, ಕಾಲೇಜಿಗೆ ಬರೋ ದೇಣಿಗೆ ನೋಡ್ಕೊಳ್ಳೋ ಹೆಂಗಸು. "ಫಿಲ್ಮ್ ಕ್ಲಬ್ಬಾ? ಯಾವ ಲೆಟರು?" ಅಂತ ಅವಳ ಧ್ವನಿ ತಣ್ಣಗಾಗಿದ್ದು ಒದೀಲಿಯಾಗೆ ಗೊತ್ತಾಯ್ತು, ಆದ್ರೆ ಅಷ್ಟರಲ್ಲಿ ಓವನ್ ಗಂಟೆ ಹೊಡೀತು.

ಅದೇ ಆಗಿದ್ದು. ಈಗ ಹುಡುಗಿ ಕೌಂಟರ್ ಮುಂದೆ ನಿಂತು ಕಣ್ಣೊರೆಸ್ಕೊಂಡು ಲೆಟರ್ ವಾಪಸ್ ಕೇಳ್ತಿದ್ದಾಳೆ.

"ಆ ಫೋನ್ ಮಾಡಿದ್ದು ನಾನೇ ಕಣಮ್ಮಾ," ಅಂದ್ಲು ಒದೀಲಿಯಾ. "ಚೆಕ್ ಮೇಲೆ ಹೆಸರು ಸರಿಯಾಗಿರ್ಲಿ ಅಂತ."

ಬ್ರಿಯೆಲ್ ಹಣೆಗೆ ಕೈ ಹಚ್ಕೊಂಡ್ಲು.

"ನೋಡ್ದ್ಯಾ," ಅಂತ ಕಾನಿ ಶುರು ಮಾಡಿದ್ಲು. "ಇಷ್ಟು ವರ್ಷದಲ್ಲಿ ಒಂದೇ ಒಂದು ಲೆಟರ್ ಓದಿದ್ಯಲ್ಲೇ ಒದೀಲಿಯಾ, ಅದನ್ನೂ ಕೆಡಿಸಿದ್ಯಾ? ಓದದೇ ಇದ್ದಿದ್ರೆ ಎಲ್ರೂ ಚೆನ್ನಾಗಿರ್ತಿದ್ರು!"

"ನೀನ್ ಸುಮ್ನೆ ಬನ್ ಕಟ್ಟೇ."

"ಕಟ್ತಾನೇ ಇದೀನಿ, ನಿನ್ನ ಥರ ಸಿನಿಮಾ ತೆಗೀತಿದೀನಾ?"

"ಲೆಟರ್ ಕೊಟ್ಬಿಡಿ ಮಿಸೆಸ್ ಫುರ್ಟಾಡೋ," ಅಂದ್ಲು ಬ್ರಿಯೆಲ್. "ತಪ್ಪು ನಂದೇ. ನಮ್ಮ ಕ್ಲಬ್ ಮೇಷ್ಟ್ರ ಸಹಿ ಹಾಕಿಸ್ಕೊಂಡು, ಆಫೀಸಿಗೆ ತೋರಿಸಿ ತರ್ಬೇಕಿತ್ತು. ಆಫೀಸಲ್ಲಿ ಎರಡು ವಾರ ಕೂರಿಸ್ತಾರೆ, ಅದಕ್ಕೇ ನಾನೇ ಗುಡ್ಡ ಇಳಿದು ಬಂದ್ಬಿಟ್ಟೆ."

ಒದೀಲಿಯಾ ಏಪ್ರನ್ ಜೇಬಿನ ಮೇಲೆ ಕೈ ಇಟ್ಕೊಂಡ್ಲು. ಕೊಡ್ಲಿಲ್ಲ. ಅವಳಿಗೇ ಆಶ್ಚರ್ಯ ಆಯ್ತು. ಇಡೀ ಮೈ ಸುಸ್ತಾಗಿತ್ತು, ಲೈನ್ ಬೀದೀಲಿತ್ತು, ಹಿಂದೆ ಓವನಲ್ಲಿ ಎರಡು ತಟ್ಟೆ ಬೇಯ್ತಿತ್ತು, ಒಂದು ಕಾಗದ ಕೊಟ್ಟು ಕಳಿಸಿದ್ರೆ ಎಲ್ಲಾ ಮುಗೀತಿತ್ತು. ಆದ್ರೆ ಕೈ ಏಳ್ಲೇ ಇಲ್ಲ.

"ಈ ಲೆಟರ್ ಬಂದಿದ್ದು ನಂಗೆ," ಅಂದ್ಲು. "ನಂಗೆ ಬಂದಿದ್ದು ನಂದು."

"ಒದೀಲಿಯಾ! ಎಂಥಾ ಲೈನು! ಎಲ್ರಿಗೂ ನಮಸ್ಕಾರ, ನಾನ್ ನಡುವೆ ನುಗ್ತಿಲ್ಲ, ಬರೀ ಒಂದು ಕಾಗದ ಕೊಡ್ಬೇಕು ಅಷ್ಟೇ!" ಅಂತ ಬಾಗಿಲ ಹತ್ರ ದನಿ. ಮಾರ್ಗೋ ಡ್ವಾಯರೇ! ಪ್ರತೀ ವರ್ಷ ಈ ಸಮಯಕ್ಕೆ ಗಾಲ್ಫ್ ಕಾಗದ ಹಿಡ್ಕೊಂಡು ಬರ್ತಾಳೆ, ಬೇಕಾದ್ರೆ ಕೇಳಿ, ಜೊತೆಗೆ ಅರ್ಧ ಡಜನ್ ಮಲಸಾದಾನೂ ತಗೊಂಡು ಹೋಗ್ತಾಳೆ, ಎಣ್ಣೇಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿದ್ದು, ಕಾರಲ್ಲೇ ಎರಡು ಖಾಲಿ. ಒಳಗೆ ಬಂದೋಳು ಬ್ರಿಯೆಲ್ ನೋಡಿ ನಿಂತ್ಲು. ಬ್ರಿಯೆಲ್ ಅವಳನ್ನ ನೋಡಿ ಬ್ರೆಡ್ ಕಪಾಟಿನ ಹಿಂದೆ ಹೋಗೋಣ ಅಂತ ನೋಡಿದ್ಲು, ಜಾಗ ಇರ್ಲಿಲ್ಲ.

"ಮಿಸ್ ಲಾವೋಯ್. ಲೆಟರ್ ಸಿಕ್ತಾ?"

"ಇವರು ಕೊಡ್ತಿಲ್ಲ."

ಮಾರ್ಗೋ ಒದೀಲಿಯಾ ಕಡೆ ತಿರುಗಿ, ದೇಣಿಗೆ ಕೊಡೋರಿಗೆ ಅಂತಾನೇ ಇಟ್ಕೊಂಡಿರೋ ನಗು ನಕ್ಕಳು. "ನೀವೇನೂ ತಲೆ ಕೆಡಿಸ್ಕೋಬೇಡಿ ಒದೀಲಿಯಾ. ಈ ಮಕ್ಕಳು ನಿಮಗೆ ತೊಂದ್ರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ನಿಮ್ಮಂಥೋರಿಗೆ ಹೀಗಾಗ್ಬಾರ್ದು ಅಂತಾನೇ ಆ ಪಟ್ಟಿ ಮಾಡಿರೋದು. ಇಲ್ಲಾಂದ್ರೆ ಈಜೋರು ಒಂದಿನ, ಹಾಡೋರು ಒಂದಿನ, ಕುಣಿಯೋರು ಒಂದಿನ, ಎಲ್ಲಾ ಕ್ಲಬ್ಬೂ ಬಂದು ನಿಮ್ಮ ಜೀವ ತಿನ್ನುತ್ತೆ."

"ಆ ಪಟ್ಟೀಲಿ ನನ್ ಹೆಸರು ಬರೆದೋರ್ಯಾರು?"

"ನೀವು ನಮ್ಮ ಹಳೇ ಸ್ನೇಹಿತರಲ್ವಾ. ಏಳನೇ ಗುಳಿ ಯಾವಾಗ್ಲೂ ಫುರ್ಟಾಡೋ ಬೇಕರೀದೇ!"

"ನಾನ್ ಗಾಲ್ಫ್ ಆಡ್ತೀನಾ?"

"ಇಲ್ಲ, ಆದ್ರೆ ಪ್ರತೀ ವರ್ಷ ಇಬ್ಬರಿಗೆ ಊಟದ ಟಿಕೆಟ್ ಕಳಿಸ್ತೀವಲ್ಲ."

"ಸೋಮವಾರ ಮಧ್ಯಾಹ್ನ ಊಟ. ಸೋಮವಾರ ಮಧ್ಯಾಹ್ನ ನಾನಿಲ್ಲಿ ಸಾಸೇಜ್ ಕುಯ್ತಿರ್ತೀನಿ. ಟಿಕೆಟ್ ತಗೊಂಡು ಕಾನಿ ಮಗ ಹೋಗಿ ತಿಂದ್ಬರ್ತಾನೆ."

"ಚೆನ್ನಾಗಿರುತ್ತಂತೆ ಊಟ," ಅಂದ್ಲು ಕಾನಿ. "ಬ್ರೆಡ್ ಮಾತ್ರ ರಬ್ಬರಂತೆ."

ಲೈನಲ್ಲಿ ನಗು. ಒದೀಲಿಯಾ ನಗ್ಲಿಲ್ಲ. "ಎಷ್ಟೋ ವರ್ಷದಿಂದ ಯಾವ್ದೋ ಹುಲ್ಲಿನ ಮೇಲೆ ನನ್ ಹೆಸರು ನೆಟ್ಟಿದೀರಿ, ಸಮಾಧಿ ಕಲ್ಲಿನ ಥರ. ನಾನ್ ನೋಡೂ ಇಲ್ಲ. ಅದಕ್ಕೆ ಕೊಡಬಹುದು. ಈ ಹುಡುಗಿಗೆ ಮಾತ್ರ ಕೊಡೋ ಹಾಗಿಲ್ಲ, ಯಾಕಂದ್ರೆ ಆಗ್ಲೇ ಆ ಹುಲ್ಲಿಗೆ ಕೊಡ್ತಿದೀನಿ. ಸರಿಯಾಗಿ ಹೇಳಿದ್ನಾ?"

ಮಾರ್ಗೋ ಕೈಯಲ್ಲಿದ್ದ ಗಾಲ್ಫ್ ಕಾಗದ ಕೆಳಗಾಯ್ತು. ಅವಳೂ ಕೆಟ್ಟೋಳೇನಲ್ಲ ನೋಡಿ. ವರ್ಷಕ್ಕಿಷ್ಟು ತರಬೇಕು ಅಂತ ಅವಳಿಗೂ ಮೇಲಿಂದ ಹೇಳಿರ್ತಾರೆ, ಶನಿವಾರಾನೂ ಅಂಗಡಿ ಅಂಗಡಿ ಸುತ್ತಬೇಕು. "ಅಷ್ಟಕ್ಕೂ ಏನಿದೆ ಆ ಸಿನಿಮಾದಲ್ಲಿ?" ಅಂತ ಕೇಳಿದ್ಲು.

ಒದೀಲಿಯಾ ಜೇಬಿಂದ ಲೆಟರ್ ತೆಗೆದ್ಲು. ಮಡಿಕೆಯಲ್ಲೆಲ್ಲ ಹಿಟ್ಟು. ಕೈಗೆ ಕೊಡ್ಲಿಲ್ಲ, ತಾನೇ ಹಿಡ್ಕೊಂಡು ಆ ಸಾಲು ಜೋರಾಗಿ ಓದಿದ್ಲು.

"ಇಳಿಯಲ್ವಾ?" ಅಂದ್ಲು ಮಾರ್ಗೋ. "ಹನ್ನೊಂದು ನಿಮಿಷ? ಸುಮ್ನೆ ಕೂತಿರ್ತಾಳಾ? ಆಮೇಲೆ ಏನಾಗುತ್ತೆ?"

"ಏನೂ ಆಗಲ್ಲ," ಅಂದ್ಲು ಬ್ರಿಯೆಲ್ ಸಣ್ಣ ದನೀಲಿ. "ಏನೂ ಆಗ್ದೇ ಇರೋದೇ ಸಿನಿಮಾ. ನಮ್ಮಮ್ಮ ಮಾಡ್ತಿದ್ರು. ನರ್ಸು. ನಾನು ಕಿಟಕಿಯಿಂದ ನೋಡ್ತಿದ್ದೆ, ಕಾರ್ ಬಂದಿದೆ, ಅಮ್ಮ ಯಾಕೆ ಬರ್ತಿಲ್ಲ ಅಂತ."

ಲೈನಲ್ಲಿ ಎರಡನೇ ಜಾಗದಲ್ಲಿ ನಿಂತಿದ್ದ ಅರ್ರುಡಾ ಅಂತ ಮುದುಕ, ಮೀನಿನ ಗೋದಾಮಿಂದ ರಿಟೈರ್ ಆಗಿರೋನು, ಟೋಪಿ ತೆಗೆದು ಗಂಟಲು ಸರಿ ಮಾಡ್ಕೊಂಡ.

"ನಮ್ಮನೇಲೂ ಮಾಡ್ತಾಳೆ," ಅಂದ. "ನನ್ ಹೆಂಡ್ತಿ. ನಾನ್ ಪರದೆ ಸಂದಿಂದ ನೋಡ್ತೀನಿ. ಅವಳು ಕಾರ್ ಬಾಗಿಲಿಗೆ ಕೈ ಹಾಕಿದ ಕೂಡ್ಲೆ ಓಡಿ ಬಂದು ಕುರ್ಚೀಲಿ ಕೂತ್ಕೋತೀನಿ."

"ನೋಡ್ತಾ ಕೂರೋ ಬದಲು ಎದ್ದು ಸೂಪ್ ಬಿಸಿ ಮಾಡಯ್ಯಾ!" ಅಂತ ಹಿಂದಿಂದ ಒಬ್ಬ ಹೆಂಗಸು ಕೂಗಿದ್ಲು.

"ಮಾಡಿದ್ರೆ ಪಾತ್ರೆ ಸೀದುಹೋಯ್ತು ಅಂತ ಬೈತಾಳಮ್ಮಾ!"

"ನಾನೂ ಕೂತಿರ್ತೀನಿ," ಅಂದ್ಲು ಅದೇ ಹೆಂಗಸು, ಈ ಸಲ ಮೆತ್ತಗೆ. "ರೇಡಿಯೋ ಹಾಕ್ಕೊಂಡು."

"ರೇಡಿಯೋ ಹಾಕೋದು ಮೋಸ," ಅಂತ ಇನ್ಯಾರೋ ಅಂದ್ರು, ಎಲ್ರೂ ಒಟ್ಟಿಗೆ ಮಾತಾಡಕ್ಕೆ ಶುರು ಮಾಡಿದ್ರು. ಕಾನಿ ಇಕ್ಕಳ ಹಿಡ್ಕೊಂಡೇ ಒದೀಲಿಯಾ ಮುಖ ನೋಡ್ತಿದ್ಲು. ಏನೋ ಗೊತ್ತಾದೋಳ ಥರ ಬಾಯಿ ತೆರೆದ್ಲು, ಆದ್ರೆ ಜೀವಮಾನದಲ್ಲಿ ಮೊದಲನೇ ಸಲ ಏನೂ ಹೇಳ್ದೆ ಮುಚ್ಕೊಂಡ್ಲು. ಒದೀಲಿಯಾ ತಲೇಲಿ ಓಡ್ತಿದ್ದಿದ್ದೇ ಬೇರೆ: ಗಿಲ್ ಕೂಡ ಪರದೆ ಸಂದಿಂದ ನೋಡ್ತಾನಾ? ಬೆನ್ನು ನೋವು, ಕಿಟಕಿ ತನಕ ನಡೀತಾನಾ?

ಓವನ್ ಗಂಟೆ ಹೊಡೀತು. ಒದೀಲಿಯಾ ಹೋಗ್ಲಿಲ್ಲ.

"ಒದೀಲಿಯಾ, ಓವನ್ನು," ಅಂದ್ಲು ಕಾನಿ.

"ನೀನ್ ಹೋಗೇ. ನಾನ್ ಮಾತಾಡ್ತಿದೀನಿ." ಮಾರ್ಗೋ ಕಡೆ ತಿರುಗಿ, "ಈ ವರ್ಷ ಬೋರ್ಡ್ ಬೇಡ. ಅದೇ ಇನ್ನೂರೈವತ್ತು ಸಿನಿಮಾಕ್ಕೆ. ಆಗುತ್ತೋ ಆಗಲ್ವೋ, ಅದನ್ ಹೇಳಿ. ಆಗಲ್ಲ ಅಂದ್ರೆ ಎರಡೂ ಇಲ್ಲ, ಮುಂದೆ ಯಾರು ಅಂತೀನಿ."

"ಆಗಲ್ಲ ಅಂತ ನಾನೆಲ್ಲಿ ಹೇಳ್ದೆ?" ಮಾರ್ಗೋ ನಿಟ್ಟುಸಿರು ಬಿಟ್ಟು ಗಾಲ್ಫ್ ಕಾಗದ ಚೀಲಕ್ಕೆ ಹಾಕ್ಕೊಂಡ್ಲು. "ಇದಕ್ಕೇ ಅಂತ ನೀವು ಬರೆದು ಕೊಟ್ರೆ ಇದಕ್ಕೇ ಖರ್ಚು ಮಾಡ್ಬೇಕು, ಬೇರೆದಕ್ಕೆ ನಾವು ಮುಟ್ಟೋ ಹಾಗಿಲ್ಲ. ಆದ್ರೆ ಚೆಕ್ ಕ್ಲಬ್ ಹೆಸರಿಗಲ್ಲ. ಕ್ಲಬ್ಬಿಗೆ ಬ್ಯಾಂಕ್ ಖಾತೇನೇ ಇಲ್ಲ, ಬರೆದಿದ್ರೆ ಯಾವ ಬ್ಯಾಂಕಲ್ಲೂ ನಡೀತಿರ್ಲಿಲ್ಲ."

"ಹೌದಾ?" ಅಂದ್ಲು ಖಜಾಂಚಿ.

"ಹೌದು ಮಿಸ್ ಲಾವೋಯ್. ಚೆಕ್ ಕಾಲೇಜ್ ಹೆಸರಿಗೆ, ಕೆಳಗಿನ ಸಾಲಲ್ಲಿ ಫಿಲ್ಮ್ ಕ್ಲಬ್ ಅಂತ. ಅದಕ್ಕೂ ಮೊದಲು ನೀವು ಸರಿಯಾದ ದಾರೀಲಿ ಬರ್ಬೇಕು. ನಿಮ್ಮ ಮೇಷ್ಟ್ರ ಸಹಿ, ವಿದ್ಯಾರ್ಥಿ ಆಫೀಸಿನ ಒಪ್ಪಿಗೆ, ಆಮೇಲೆ ಕಾಲೇಜ್ ಕಾಗದದ ಮೇಲೆ ಹೊಸ ಲೆಟರ್. ಸೋಮವಾರ ಬೆಳಿಗ್ಗೆ ನನ್ ಹತ್ರ ಬನ್ನಿ, ಇವರು ತಾವಾಗೇ ಕೊಡ್ತೀನಿ ಅಂದಿದಾರೆ ಅಂತ ನಾನೇ ಆಫೀಸಿಗೆ ಹೇಳ್ತೀನಿ, ಎರಡು ವಾರ ಕೂರಿಸಲ್ಲ. ಹಳೇ ಲೆಟರು..." ಅವಳು ಒದೀಲಿಯಾ ಕೈ ನೋಡಿದ್ಲು. "ಹಳೇ ಲೆಟರ್ ಹಿಟ್ಟಲ್ಲಿ ಬಿದ್ದು ಹಾಳಾಯ್ತು ಅಂತ ಬರ್ಕೋತೀನಿ."

"ಹಾಳಾಗಿಲ್ಲ," ಅಂದ್ಲು ಒದೀಲಿಯಾ.

"ಅಯ್ಯೋ, ನಾನ್ ಬರ್ಕೋತೀನಿ ಅಂದೆ ಒದೀಲಿಯಾ! ನಂಗೆ ಆರು ಮಲಸಾದಾ ಕೊಡಿ, ಇನ್ನೂ ನಾಲ್ಕು ಅಂಗಡಿ ಇದೆ."

ಮಾರ್ಗೋ ಸಕ್ಕರೆ ಅಂಟಿದ ಪೊಟ್ಟಣ ಹಿಡ್ಕೊಂಡು ಹೋದ್ಲು. ಬ್ರಿಯೆಲ್ ಇನ್ನೂ ಅಲ್ಲೇ, ಮುಖ ಅರಳಿದೆ, ಆದ್ರೂ ಬೆರಳಲ್ಲಿ ಏನೋ ಲೆಕ್ಕ ಹಾಕ್ತಿದ್ದಾಳೆ.

"ಕಮ್ಮಿ ಬೀಳುತ್ತೆ ಅಲ್ವಾ?" ಅಂದ್ಲು ಒದೀಲಿಯಾ.

"ಇಲ್ಲ ಇಲ್ಲ, ಸಾಕು! ಅಂದ್ರೆ ಊಟಕ್ಕೆ ಸ್ವಲ್ಪ... ನಾವು ಚಿಪ್ಸ್ ತಿಂತೀವಿ."

"ಎರಡು ದಿನ ಚಿಪ್ಸಾ? ಎಷ್ಟು ಜನ?"

"ಒಂಬತ್ತು."

"ಊಟ ಇಲ್ಲಿಂದ. ಸಾಸೇಜ್ ಬನ್ನು, ಕೇಲ್ ಸೊಪ್ಪಿನ ಸೂಪು. ಚೆಕ್ ಬೇರೆ, ಅದು ಬೇರೆ. ಆದ್ರೆ ಈಸ್ಟರ್ ಆದ್ಮೇಲೆ ಇಟ್ಕೋ, ಅದಕ್ಕೂ ಮೊದಲು ನನ್ ಪ್ರಾಣ ಕೇಳಿದ್ರೂ ಇಲ್ಲ."

"ಶೂಟಿಂಗ್ ಈಸ್ಟರ್ ಆದ್ಮೇಲೇನೇ! ನಿಮ್ ಹೆಸರು ಸಿನಿಮಾ ಶುರುವಲ್ಲೇ ಹಾಕ್ತೀವಿ, ದೊಡ್ಡದಾಗಿ, ಅಂಗಡಿ ಚಿತ್ರದ ಜೊತೆ..."

"ಹಾಕ್ಬೇಡ."

"ಆದ್ರೆ ಲೆಟರಲ್ಲಿ ಹೇಳಿದೀವಲ್ಲ, ಕೊಟ್ಟೋರಿಗೆ..."

"ಹೆಸರು ನೋಡಿ ನನ್ ಅತ್ತೆ ಏನಂತಾಳೆ ಗೊತ್ತಾ? ಕಾರಲ್ಲಿ ಕೂತಿರೋಳು ನೀನೇನಾ ಅಂತಾಳೆ. ಕೊನೇಲಿ ಸಣ್ಣದಾಗಿ 'ಬ್ರೆಡ್ಡು: ಫುರ್ಟಾಡೋ' ಅಂತ ಹಾಕು, ಸಾಕು. ಬ್ರೆಡ್ ಕೊಟ್ಟಿದ್ದು ಸುಳ್ಳಲ್ಲವಲ್ಲ."

"ಮಿಸೆಸ್ ಫುರ್ಟಾಡೋ," ಅಂತ ಅರ್ರುಡಾ ಮುದುಕ ಕೆಮ್ಮಿದ, "ಆ ಹುಡುಗಿಗೆ ಸಿನಿಮಾ ಸಿಕ್ತು, ನಂಗೆ ಒಂದು ಡಜನ್ ಬನ್ ಸಿಗುತ್ತಾ? ನನ್ ಹೆಂಡ್ತಿ ಆಗ್ಲೇ ಕಾರಲ್ಲಿ ಕೂತಿರ್ತಾಳೆ."

"ಕೂತಿರ್ಲಿ ಬಿಡಿ, ಅವಸರ ಮಾಡ್ಬೇಡಿ," ಅಂದ್ಲು ಒದೀಲಿಯಾ. ಆದ್ರೂ ಬನ್ ಎಣಿಸಿದ್ಲು.

ಕಾನಿ ಓವನಿಂದ ತಟ್ಟೆ ತಂದು ಧಡ್ ಅಂತ ಇಟ್ಲು. ಅಂಚಿನ ಬನ್ನೆಲ್ಲ ಕಪ್ಪಗಾಗಿತ್ತು. "ನಿನ್ ಸಿನಿಮಾ ಪ್ರಭಾವ," ಅಂದ್ಲು. ಒದೀಲಿಯಾ ನೋಡಿ, ಕಪ್ಪಗಾದ ಬನ್ ಎರಡು ತೆಗೆದು ಕಾಗದದಲ್ಲಿ ಸುತ್ತಿ ಬ್ರಿಯೆಲ್ ಕೈಗಿಟ್ಲು. ಕಾಲು ಬದಲಾಯಿಸಿ ನಿಂತ್ಲು, ಒಂದು ಕಾಲು ನೋಯಕ್ಕೆ ಶುರುವಾದ್ರೆ ಇನ್ನೊಂದು. ಹನ್ನೊಂದು ಗಂಟೆ ಕೂಡ ಆಗಿರ್ಲಿಲ್ಲ.

"ಸೋಮವಾರ ಅವರ ಹತ್ರ ಹೋಗು. ಸಹಿ ಹಾಕಿಸ್ಕೋ. ಹೊಸ ಲೆಟರ್ ತಗೊಂಡು ಯಾವಾಗ ಬರ್ತೀಯಾ?"

"ಬುಧವಾರ?"

"ಬುಧವಾರದಿಂದ ಫೊಲಾರ್ ಬೇಯಿಸೋದು, ಇಲ್ಲಿ ನಿಲ್ಲಕ್ಕೂ ಜಾಗ ಇರಲ್ಲ. ಮಂಗಳವಾರ ಬಾ, ಬಾಗಿಲು ಹಾಕೋ ಹೊತ್ತಿಗೆ, ಮೊದಲನೇ ಸಲ ಬಂದ್ಯಲ್ಲ ಆ ಹೊತ್ತಿಗೆ. ಸಹಿ ಆಗ್ದಿದ್ರೂ ಬಾ, ಎಲ್ಲಿಗೆ ಬಂತು ಅಂತ ಹೇಳು."

"ಬರ್ತೀನಿ. ಖಂಡಿತ ಬರ್ತೀನಿ. ಏನಾದ್ರೂ ತರ್ಲಾ?"

"ಕಾಫಿ ತಗೊಂಡು ಬಾ, ಹಾಲು ಜಾಸ್ತಿ. ಇಡೀ ದಿನ ಊರಿಗೆಲ್ಲ ಕಾಫಿ ಕೊಡೋದು ನಾನೇ, ನಂಗ್ಯಾರೂ ತಂದ್ಕೊಟ್ಟಿಲ್ಲ. ಹಿಂದಿನ ಬಾಗಿಲು ತಟ್ಟು, ಮುಂದೆ ಬಂದ್ರೆ ಕಾನಿ ನಿನ್ ಕೈಗೆ ಪೊರಕೆ ಕೊಡ್ತಾಳೆ."

"ಕೊಡ್ತೀನಿ," ಅಂದ್ಲು ಕಾನಿ.

"ಸರಿ ಹಾಗಾದ್ರೆ, ಮಂಗಳವಾರ," ಅಂದ್ಲು ಬ್ರಿಯೆಲ್.

"ಮಂಗಳವಾರ," ಅಂದ್ಲು ಒದೀಲಿಯಾ.